ಒಂದೇ ಲೇಬಲ್ಲಿನಲ್ಲಿ ಎರಡು ಲಿಪಿ: ಹೆಸರನ್ನು ಸರಿಯಾಗಿ ಹೊಂದಿಸುವುದು ಹೇಗೆ?



ಸಂಘಕ್ಕೆ ಹಾಲು ಹಾಕಿದ ಮೇಲೆ ಉಳಿದ ಹಾಲಿನಿಂದ ತುಪ್ಪ, ಖೋವಾ ಮಾಡಿ ಮಾರುವ ಸ್ವಸಹಾಯ ಗುಂಪುಗಳು ನಮ್ಮ ಭಾಗದಲ್ಲಿವೆ. ಡಬ್ಬಿಗೆ ಲೇಬಲ್ ಮಾಡಿಸುವಾಗ ಹೆಸರು ಕನ್ನಡದಲ್ಲೂ ಬೇಕು, ಇಂಗ್ಲಿಷಿನಲ್ಲೂ ಬೇಕು. ಔರಾದಿನಿಂದ ಉದಗೀರಕ್ಕೆ, ಬೀದರಿನಿಂದ ಜಹೀರಾಬಾದಿಗೆ ಮಾಲು ಹೋದರೆ ಅಲ್ಲಿನ ಗಿರಾಕಿಗೆ ಕನ್ನಡ ಓದಲು ಬರುವುದಿಲ್ಲ. ಊರಿನ ಗಿರಾಕಿಗೆ ಕನ್ನಡವೇ ಗುರುತು. ಎರಡನ್ನೂ ಒಟ್ಟಿಗೆ ಇಟ್ಟಾಗ ಒಂದು ಇನ್ನೊಂದನ್ನು ನುಂಗದಂತೆ ನೋಡಿಕೊಳ್ಳಬೇಕು. ಅದಕ್ಕೆ ಒಂದು ಸ್ಕೇಲು ಪಟ್ಟಿ ಮತ್ತು ನಿಮ್ಮ ಕಣ್ಣು ಸಾಕು.

ಮೊದಲು ಮನೆಯಲ್ಲಿರುವ ನಂದಿನಿ ಪ್ಯಾಕೆಟ್ ತೆಗೆದು ನೋಡಿ. ಕರ್ನಾಟಕ ಹಾಲು ಮಹಾಮಂಡಳದ ಈ ಹೆಸರು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇದೆ. ‘ನಂದಿನಿ’ ಎಂಬ ಪದದಲ್ಲಿ ಒತ್ತಕ್ಷರವೇ ಇಲ್ಲ. ಎಲ್ಲ ಅಕ್ಷರಗಳೂ ಒಂದೇ ಗೆರೆಯ ಮೇಲೆ ಕೂರುತ್ತವೆ, ಗೆರೆಯ ಕೆಳಗೆ ಏನೂ ಇಳಿಯುವುದಿಲ್ಲ. ಅದನ್ನೇ ಇಂಗ್ಲಿಷಿನಲ್ಲಿ ಬರೆದರೂ ಕೆಳಗೆ ಬಾಲ ಬಿಡುವ ಅಕ್ಷರ ಒಂದೂ ಇಲ್ಲ. ಹಾಗಾಗಿ ಎರಡು ಲಿಪಿಗಳನ್ನು ಹತ್ತಿರ ಇಟ್ಟರೂ ತೊಡಕಿಲ್ಲ. (ಈ ಹೆಸರಾಗಲಿ ಅದರ ಬರಹದ ರೂಪವಾಗಲಿ ಮಹಾಮಂಡಳದ್ದು. ನೋಡಿ ಕಲಿಯಬಹುದು, ನಮ್ಮ ಡಬ್ಬಿಗೆ ಹಾಕುವಂತಿಲ್ಲ.)

ಎಲ್ಲ ಹೆಸರೂ ಇಷ್ಟು ಸುಲಭವಲ್ಲ. ಅಳತೆ ತಿಳಿಯುವುದಕ್ಕಾಗಿ ‘ಭಾಲ್ಕಿ’ ಎಂಬ ಊರ ಹೆಸರನ್ನೇ ತೆಗೆದುಕೊಳ್ಳೋಣ. ಇದರಲ್ಲಿ ಕ ಒತ್ತು ಕೆಳಗೆ ಇಳಿಯುತ್ತದೆ, ಭ ಅಕ್ಷರದ ಮಹಾಪ್ರಾಣದ ಸೀಳೂ ಕೆಳಗಿದೆ.

ಎತ್ತರ: ಕಂಪ್ಯೂಟರಿನ ಅಂಕಿಯನ್ನು ನಂಬಬೇಡಿ

ಪ್ರಿಂಟಿಂಗ್ ಅಂಗಡಿಯವರು ಎರಡಕ್ಕೂ ಒಂದೇ ಸೈಜ್ ಕೊಟ್ಟಿದ್ದೇವೆ ಎನ್ನುತ್ತಾರೆ. ಆದರೆ ಆ ಅಂಕಿ ಅಕ್ಷರದ ಎತ್ತರವಲ್ಲ. ಮೇಲಿನ ಗುಡಿಸು, ಕೆಳಗಿನ ಒತ್ತು ಎಲ್ಲಕ್ಕೂ ಬಿಟ್ಟ ಜಾಗ ಅದರಲ್ಲಿ ಸೇರಿರುತ್ತದೆ. ಒಂದೊಂದು ಫಾಂಟಿನಲ್ಲಿ ಅದು ಒಂದೊಂದು ತರಹ. ಆದ್ದರಿಂದ ಕಾಗದದ ಮೇಲೆ ಪಟ್ಟಿ ಇಟ್ಟು ಅಳೆಯಿರಿ. ಕನ್ನಡದಲ್ಲಿ ಅಕ್ಷರದ ಮೈ ಮಾತ್ರ ಅಳೆಯಬೇಕು, ಅಂದರೆ ಕೂರುವ ಗೆರೆಯಿಂದ ತಲೆಕಟ್ಟಿನ ತುದಿಯವರೆಗೆ. ಒತ್ತು ಲೆಕ್ಕಕ್ಕಿಲ್ಲ. ಇಂಗ್ಲಿಷಿನಲ್ಲಿ ಮೊದಲ ದೊಡ್ಡಕ್ಷರದ ಎತ್ತರ ಮತ್ತು ಸಣ್ಣಕ್ಷರದ ಮೈ ಎರಡನ್ನೂ ಅಳೆಯಿರಿ.

ಎರಡೂ ಸಮವಾಗಿ ಕಾಣಬೇಕೆಂದರೆ, ಕನ್ನಡದ ಮೈ 10 ಮಿ.ಮೀ. ಇದ್ದಾಗ ಇಂಗ್ಲಿಷಿನ ದೊಡ್ಡಕ್ಷರ 10 ಮಿ.ಮೀ., ಸಣ್ಣಕ್ಷರ ಸುಮಾರು 7 ಮಿ.ಮೀ. ಇರುವಂತೆ ಶುರು ಮಾಡಿ. ಕನ್ನಡವೇ ಮುಂದಿರಲಿ ಎಂದಾದರೆ ಇಂಗ್ಲಿಷಿನ ದೊಡ್ಡಕ್ಷರವನ್ನು 6 ಮಿ.ಮೀ.ಗೆ ಇಳಿಸಿ. ನಮ್ಮ ಉದಾಹರಣೆಗೆ ಈ ಎರಡನೆಯ ಅಳತೆಯನ್ನೇ ಇಟ್ಟುಕೊಳ್ಳೋಣ.

ದಪ್ಪ: ಚಿಕ್ಕದಾದದ್ದು ತೆಳ್ಳಗೂ ಆಗುತ್ತದೆ

ಇಂಗ್ಲಿಷನ್ನು ಚಿಕ್ಕದು ಮಾಡಿದಾಗ ಅದರ ಗೆರೆಯೂ ಸಣ್ಣಗಾಗುತ್ತದೆ. ಕನ್ನಡ ದಟ್ಟವಾಗಿ, ಇಂಗ್ಲಿಷ್ ಮಾಸಿದಂತೆ ಕಾಣುತ್ತದೆ. ಇಂಗ್ಲಿಷಿಗೆ ಅದೇ ಫಾಂಟಿನ ಇನ್ನಷ್ಟು ದಪ್ಪ ರೂಪವನ್ನು ಆರಿಸಲು ಹೇಳಿ. ಎರಡರ ಗೆರೆಯ ದಪ್ಪ ಹತ್ತಿರ ಹತ್ತಿರ ಬರಬೇಕು. ಇದನ್ನು ಪರೀಕ್ಷಿಸಲು ಕಾಗದವನ್ನು ತಲೆಕೆಳಗು ಮಾಡಿ ಹಿಡಿಯಿರಿ. ಆಗ ಕಣ್ಣು ಪದ ಓದುವುದಿಲ್ಲ, ಕಪ್ಪನ್ನು ಮಾತ್ರ ನೋಡುತ್ತದೆ. ಯಾವುದು ಹೆಚ್ಚು ಕಪ್ಪು ಎಂದು ಕೂಡಲೇ ತಿಳಿಯುತ್ತದೆ.

ನಡುವಿನ ಅಂತರ: ಒತ್ತಿನಿಂದ ಅಳೆಯಿರಿ

ಹೆಚ್ಚಿನ ಲೇಬಲ್ಲುಗಳು ಕೆಡುವುದು ಇಲ್ಲಿ. ‘ಭಾಲ್ಕಿ’ಯ ಮೈ 10 ಮಿ.ಮೀ. ಇದ್ದರೆ ಕ ಒತ್ತು ಗೆರೆಯಿಂದ ಸುಮಾರು 5–6 ಮಿ.ಮೀ. ಕೆಳಗಿಳಿಯಬಹುದು. ಗೆರೆಯಿಂದ 4 ಮಿ.ಮೀ. ಬಿಟ್ಟು ಇಂಗ್ಲಿಷ್ ಸಾಲು ಹಾಕಿದರೆ ಒತ್ತು ಹೋಗಿ ಇಂಗ್ಲಿಷ್ ಅಕ್ಷರದ ತಲೆಯ ಮೇಲೆ ಕೂರುತ್ತದೆ. ಒತ್ತಿನ ಕೆಳಗೆ 3 ಮಿ.ಮೀ. ಬಿಟ್ಟು ಇಡೀ ಸಾಲನ್ನು ಇಳಿಸಿದರೆ ಒತ್ತಿಲ್ಲದ ಕಡೆ 8–9 ಮಿ.ಮೀ. ಖಾಲಿ ಉಳಿದು, ಎರಡು ಸಾಲುಗಳು ಸಂಬಂಧವೇ ಇಲ್ಲದಂತೆ ತೋರುತ್ತವೆ.

ಇದಕ್ಕೊಂದು ಉಪಾಯವಿದೆ. ಈ ಹೆಸರಿನಲ್ಲಿ ಒತ್ತು ಬರುವುದು ಬಲತುದಿಯಲ್ಲಿ. ಇಂಗ್ಲಿಷ್ ಸಾಲನ್ನು ನಡುವಿನಲ್ಲಿಡದೆ ಎಡಕ್ಕೆ, ‘ಭಾ’ ಶುರುವಾಗುವ ಜಾಗಕ್ಕೇ ಹೊಂದಿಸಿ. ದೊಡ್ಡಕ್ಷರ 6 ಮಿ.ಮೀ. ಇದ್ದರೆ ಆರು ಇಂಗ್ಲಿಷ್ ಅಕ್ಷರಗಳು ಸಾಮಾನ್ಯವಾಗಿ ಒತ್ತಿಗಿಂತ ಮೊದಲೇ ಮುಗಿಯುತ್ತವೆ, ಒತ್ತು ಪಕ್ಕದಲ್ಲಿ ತೂಗುತ್ತದೆ. ಭ ಅಕ್ಷರದ ಸೀಳು ತಾಗದಷ್ಟು ಬಿಟ್ಟು 4 ಮಿ.ಮೀ. ಅಂತರದಲ್ಲೇ ಎರಡೂ ಸಾಲು ಕೂರುತ್ತವೆ. ಒತ್ತು ಪದದ ನಡುವೆ ಬರುವ ಹೆಸರಿಗೆ ಈ ಉಪಾಯ ನಡೆಯದು. ಆಗ ಎರಡು ಹೆಸರುಗಳನ್ನು ಅಕ್ಕಪಕ್ಕ ಒಂದೇ ಗೆರೆಯ ಮೇಲೆ ಇಡುವುದು ಲೇಸು.

‘ಬೀದರ್’, ‘ಔರಾದ್’ ಹೆಸರುಗಳ ತೊಡಕು ಬೇರೆ. ಕೆಳಗೆ ಒತ್ತಿಲ್ಲ, ಆದರೆ ಕೊನೆಯ ಅರ್ಧಾಕ್ಷರದ ಕೊಂಡಿ ಮೇಲಕ್ಕೆ, ಬಲಕ್ಕೆ ಚಾಚುತ್ತದೆ. ಕಂಪ್ಯೂಟರ್ ಆ ಕೊಂಡಿಯನ್ನೂ ಸೇರಿಸಿ ನಡು ಹುಡುಕುವುದರಿಂದ ಇಂಗ್ಲಿಷ್ ಸಾಲು ಬಲಕ್ಕೆ ಸರಿದಂತೆ ಕಾಣುತ್ತದೆ. ಕೊಂಡಿ ಬಿಟ್ಟು ಅಕ್ಷರದ ಮೈಗೆ ನಡು ಹಿಡಿಯಲು ಹೇಳಿ.

ಅಗಲ ಸರಿಮಾಡಲು ಎಳೆಯಬೇಡಿ

ಕನ್ನಡದ ಎರಡು ಅಕ್ಷರ ಇಂಗ್ಲಿಷಿನಲ್ಲಿ ಆರು ಆಗುತ್ತದೆ. ಎರಡು ಸಾಲೂ ಒಂದೇ ಅಗಲ ಬರಲೆಂದು ಕೆಲವರು ಒಂದನ್ನು ಅಡ್ಡಕ್ಕೆ ಎಳೆಯುತ್ತಾರೆ. ಆಗ ನಿಂತ ಗೆರೆ ದಪ್ಪ, ಮಲಗಿದ ಗೆರೆ ತೆಳು ಆಗಿ ಗುಂಡಗಿನ ತಲೆಕಟ್ಟು ಚಪ್ಪಟೆಯಾಗುತ್ತದೆ. ಬೇಕಿದ್ದರೆ ಇಂಗ್ಲಿಷ್ ಅಕ್ಷರಗಳ ನಡುವೆ ಸ್ವಲ್ಪ ಜಾಗ ಬಿಡಿಸಿ. ಕನ್ನಡದಲ್ಲಿ ಹಾಗೆ ಬಿಡಿಸಿದರೆ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಒತ್ತು, ದೀರ್ಘ ಅಕ್ಷರದಿಂದ ದೂರ ಸರಿಯುತ್ತವೆ.

ಅಚ್ಚಾಗುವ ಮೊದಲು ನೋಡಬೇಕಾದದ್ದು

ವಾಟ್ಸಾಪಿನಲ್ಲಿ ಕಳಿಸಿದ ಕನ್ನಡವನ್ನು ಹಳೆಯ ಡಿಸೈನ್ ಸಾಫ್ಟ್‌ವೇರಿಗೆ ಹಾಕಿದಾಗ ‘ಲ್ಕಿ’ ಒಡೆದು ಲ್ ಬೇರೆ, ಕಿ ಬೇರೆ ಆಗುವುದುಂಟು. ಡಿಸೈನ್ ಮಾಡಿದವರಿಗೆ ಕನ್ನಡ ಬಾರದಿದ್ದರೆ ಇದು ಹಾಗೇ ಅಚ್ಚಾಗುತ್ತದೆ. ಆದ್ದರಿಂದ ಪ್ರೂಫನ್ನು ಕನ್ನಡ ಓದಬಲ್ಲವರು ಒಂದೊಂದೇ ಅಕ್ಷರ ನೋಡಿ ಒಪ್ಪಬೇಕು. ಒಪ್ಪಿದ ಮೇಲೆ ಅಕ್ಷರಗಳನ್ನು ‘ಕರ್ವ್’ಗೆ ಬದಲಿಸಿ ಪಿಡಿಎಫ್ ಮಾಡಿಕೊಡಲು ಕೇಳಿ. ಆಗ ಯಾವ ಅಂಗಡಿಯಲ್ಲಿ ತೆರೆದರೂ ಅಕ್ಷರ ಬದಲಾಗುವುದಿಲ್ಲ.

ಸ್ಕ್ರೀನಿನ ಮೇಲೆ ದೊಡ್ಡದಾಗಿ ನೋಡಿ ಒಪ್ಪಬೇಡಿ. ಡಬ್ಬಿಯ ಮೇಲೆ ಬರುವಷ್ಟೇ ಅಳತೆಯಲ್ಲಿ ಒಂದು ಕಪ್ಪುಬಿಳುಪು ಪ್ರತಿ ತೆಗೆಸಿ. ಚಿಕ್ಕ ಅಕ್ಷರದಲ್ಲಿ ಮಸಿ ಹರಡಿ ಸೀಳು ಮುಚ್ಚಿಹೋದರೆ ‘ಭಾಲ್ಕಿ’ ‘ಬಾಲ್ಕಿ’ ಆಗುತ್ತದೆ. ಹಾಗಾದರೆ ಅಕ್ಷರ ದೊಡ್ಡದಾಗಬೇಕು ಇಲ್ಲವೇ ಗೆರೆ ತೆಳ್ಳಗಾಗಬೇಕು. ಹೆಸರಿನ ಸುತ್ತ ಕನಿಷ್ಠ ಕನ್ನಡದ ಮೈಯ ಅರ್ಧದಷ್ಟು, ಅಂದರೆ 5 ಮಿ.ಮೀ., ಖಾಲಿ ಬಿಡಿ. ಆ ಜಾಗಕ್ಕೆ ಬೆಲೆಯಾಗಲಿ ಹಸುವಿನ ಚಿತ್ರವಾಗಲಿ ಬರಬಾರದು.

ಕೊನೆಗೆ ಕಾನೂನಿನ ಎರಡು ಮಾತು. ಅಂಗಡಿ ಹಾಕಿದರೆ ಅದರ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಕನ್ನಡ ಮೇಲ್ಭಾಗದಲ್ಲಿರಬೇಕು ಎಂದು ರಾಜ್ಯದ ಕಾಯ್ದೆ 2024ರ ತಿದ್ದುಪಡಿಯ ನಂತರ ಹೇಳುತ್ತದೆ. ಮೇಲೆ ಹೇಳಿದಂತೆ ಕನ್ನಡ ಮೇಲೆ ದೊಡ್ಡದಾಗಿ, ಇಂಗ್ಲಿಷ್ ಕೆಳಗೆ ಚಿಕ್ಕದಾಗಿ ಇಟ್ಟ ಹೆಸರು ಫಲಕಕ್ಕೂ ಒದಗುತ್ತದೆ. ಡಬ್ಬಿಯ ಲೇಬಲ್ಲಿನ ನಿಯಮ ಬೇರೆ. ಪದಾರ್ಥದ ಹೆಸರು, ತೂಕ, ತಯಾರಾದ ದಿನ ಮುಂತಾದ ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು, ಕನ್ನಡವನ್ನು ಜೊತೆಗೆ ಸೇರಿಸಬಹುದು. ಈ ವಿವರಗಳಿಗೆ ಬೇರೆ ಜಾಗ ಇಟ್ಟುಕೊಂಡೇ ಹೆಸರಿನ ಅಳತೆ ನಿಗದಿ ಮಾಡಿ.