ಆಡ್ತಾನಾ, ಇಲ್ವಾ?

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಪ್ರತಿ ತಂಡವೂ ಸಾಮಾನ್ಯವಾಗಿ ಪಂದ್ಯದ ಹಿಂದಿನ ಸಂಜೆ 5 ಗಂಟೆಯೊಳಗೆ ಒಂದು ಪಟ್ಟಿ ಕೊಡಬೇಕು. ಯಾರ ಮೊಣಕಾಲು ನೋಯುತ್ತಿದೆ, ಯಾರ ಪಾದ ಉಳುಕಿದೆ, ಯಾರಿಗೆ ಜ್ವರ ಎಂಬ ವಿವರವೆಲ್ಲ ಅದರಲ್ಲಿರುತ್ತದೆ. ಹೆಸರಿನ ಮುಂದೆ ಒಂದು ಹಣೆಪಟ್ಟಿಯೂ ಇರುತ್ತದೆ. ‘ಪ್ರಾಬಬಲ್’ ಎಂದಿದ್ದರೆ ಆಡುವ ಸಾಧ್ಯತೆ ನೂರಕ್ಕೆ 75, ‘ಕ್ವೆಶ್ಚನಬಲ್’ ಎಂದರೆ 50, ‘ಡೌಟ್‌ಫುಲ್’ ಎಂದರೆ 25. ‘ಔಟ್’ ಎಂದರೆ ಆಡುವುದೇ ಇಲ್ಲ. ಈ ಪಟ್ಟಿಗಾಗಿ ಅಭಿಮಾನಿಗಳಿಗಿಂತ ಹೆಚ್ಚು ಆತುರದಿಂದ ಕಾಯುವವರು ಬಾಜಿ ಕಟ್ಟುವವರು ಮತ್ತು ಅವರಿಂದ ಬಾಜಿ ತೆಗೆದುಕೊಳ್ಳುವ ಕಂಪನಿಗಳವರು.

ಬಾಸ್ಕೆಟ್‌ಬಾಲ್‌ನಲ್ಲಿ ಅಂಗಳದಲ್ಲಿರುವುದು ಒಂದು ಕಡೆಗೆ ಐದೇ ಜನ. ಒಳ್ಳೆಯ ಆಟಗಾರನಾದರೆ 48 ನಿಮಿಷದ ಪಂದ್ಯದಲ್ಲಿ ಮುಕ್ಕಾಲು ಪಾಲು ಹೊತ್ತು ಅವನೇ ಇರುತ್ತಾನೆ. ಹನ್ನೊಂದು ಜನರ ಆಟಗಳಲ್ಲಿ ಒಬ್ಬ ಹೊರಗುಳಿದರೆ ತಂಡ ಹೇಗೋ ಸಂಭಾಳಿಸಿಕೊಂಡೀತು. ಇಲ್ಲಿ ಹಾಗಲ್ಲ, ಒಬ್ಬನ ಮೇಲೆಯೇ ಸೋಲು ಗೆಲುವಿನ ಲೆಕ್ಕ ತಲೆಕೆಳಗಾಗಬಹುದು.

ಒಂದು ಕಾಲ್ಪನಿಕ ಪಂದ್ಯ ಇಟ್ಟುಕೊಳ್ಳೋಣ. ತಾರೆ ಆಡಿದರೆ ‘ಎ’ ತಂಡ ಗೆಲ್ಲುವ ಸಾಧ್ಯತೆ ನೂರಕ್ಕೆ 60, ಆಡದಿದ್ದರೆ 40. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ‘ಕ್ವೆಶ್ಚನಬಲ್’ ಎಂದಿದೆ. ದರ ಹಾಕುವವನು ಎರಡನ್ನೂ ಬೆರೆಸಿ ನಡುವೆ ನಿಲ್ಲುತ್ತಾನೆ: ಎರಡೂ ತಂಡಕ್ಕೆ ಸಮ ಸಾಧ್ಯತೆ. ನ್ಯಾಯವಾಗಿ ನೂರು ಕಟ್ಟಿದವನು ಗೆದ್ದರೆ ಅವನ ಕೈಗೆ 200 ಬರಬೇಕು. ಕಂಪನಿ ತನ್ನ ಪಾಲು ಹಿಡಿದುಕೊಂಡು 191 ಕೊಡುತ್ತದೆ.

ಅಂದರೆ ಸುದ್ದಿ ಬರುವ ಮೊದಲೇ ಅರ್ಧ ಸುದ್ದಿ ದರದೊಳಗೆ ಕೂತಿರುತ್ತದೆ. ಬಹಳ ಜನ ಎಡವುವುದು ಇಲ್ಲೇ. ‘ಅವನಿಗೆ ನೋವಿದೆಯಂತೆ, ಎದುರಾಳಿ ಮೇಲೆ ಈಗಲೇ ಕಟ್ಟಿಬಿಡೋಣ’ ಎನ್ನುವವನು ಎಲ್ಲರಿಗೂ ಗೊತ್ತಿರುವುದಕ್ಕೆ ದುಡ್ಡು ಸುರಿಯುತ್ತಿದ್ದಾನೆ. ತಾರೆ ಹೊರಗುಳಿದರೆ ಎದುರಾಳಿಯ ಗೆಲುವಿನ ಸಾಧ್ಯತೆ 60ಕ್ಕೆ ಏರುತ್ತದೆ. ಅವನ ನೂರು ರೂಪಾಯಿ ಬಾಜಿಯ ಸರಾಸರಿ ಬೆಲೆ ಆಗ ಸುಮಾರು 115 ರೂಪಾಯಿ. ತಾರೆ ಆಡಿಬಿಟ್ಟರೆ ಅದೇ ಬಾಜಿ 76 ರೂಪಾಯಿಗೆ ಇಳಿಯುತ್ತದೆ. ಎರಡೂ ಸಮಸಮ ಸಾಧ್ಯವಿರುವುದರಿಂದ ಕೂಡಿ ಕಳೆದರೆ ನೂರಕ್ಕೆ ನಾಲ್ಕೂವರೆ ರೂಪಾಯಿ ನಷ್ಟ. ಹೋಗಲಿ, ಸುದ್ದಿ ಖಚಿತವಾದ ಮೇಲೆ ಕಟ್ಟೋಣ ಎಂದರೆ ಅಷ್ಟರಲ್ಲಿ ಎದುರಾಳಿಯ ದರ 191ರಿಂದ 160ರ ಸುಮಾರಿಗೆ ಇಳಿದಿರುತ್ತದೆ. ಅಲ್ಲಿಯೂ ಸರಾಸರಿ ನಾಲ್ಕು ರೂಪಾಯಿ ಹೋಗುತ್ತದೆ. ಬೇಗ ಕಟ್ಟಿದವನೂ ತಡವಾಗಿ ಕಟ್ಟಿದವನೂ ಕಳೆದುಕೊಳ್ಳುವುದು ಹೆಚ್ಚುಕಡಿಮೆ ಒಂದೇ.

ಲಾಭವಿರುವುದು ನಡುವಿನ ಸಣ್ಣ ಸಂದಿಯಲ್ಲಿ: ತಾರೆ ಆಡುವುದಿಲ್ಲ ಎಂಬುದು ನಿಜವಾಗಿ ಆಗಿದೆ, ದರ ಮಾತ್ರ ಇನ್ನೂ 191ರಲ್ಲೇ ಇದೆ. ಆ ಹೊತ್ತಿನಲ್ಲಿ ಕಟ್ಟಿದ ಪ್ರತಿ ನೂರಕ್ಕೂ ಸರಾಸರಿ ಹದಿನೈದು ರೂಪಾಯಿ ಹೆಚ್ಚು. ಪಂದ್ಯ ಸೋಲಬಹುದು, ಅದು ಬೇರೆ ಮಾತು. ಬಾಜಿ ಮಾತ್ರ ಅಗ್ಗಕ್ಕೆ ಸಿಕ್ಕಿದೆ. ಅದಕ್ಕೇ ಪಳಗಿದವರು ಒಂದು ದಿನದ ಗೆಲುವು ಸೋಲಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ತಾವು ಕಟ್ಟಿದ ದರವನ್ನು ಪಂದ್ಯ ಶುರುವಾಗುವ ಕ್ಷಣದ ಕೊನೆಯ ದರದ ಪಕ್ಕ ಇಟ್ಟು ನೋಡುತ್ತಾರೆ. ತಿಂಗಳುಗಟ್ಟಲೆ ಅದಕ್ಕಿಂತ ಒಳ್ಳೆಯ ದರ ಸಿಗುತ್ತಿದ್ದರೆ ಮಾತ್ರ ತಮಗೆ ಏನೋ ತಿಳಿದಿದೆ ಎಂದುಕೊಳ್ಳುತ್ತಾರೆ.

ಆ ಸಂದಿಯನ್ನು ಮುಚ್ಚುವುದೇ ಕಂಪನಿಗಳ ದಿನನಿತ್ಯದ ಕೆಲಸ. ತಂಡದ ಹಿಂದೆ ಓಡಾಡುವ ವರದಿಗಾರ ಫೋನಿನಲ್ಲಿ ಒಂದು ಸಾಲು ಹಾಕಿದ ತಕ್ಷಣ ಆ ಪಂದ್ಯದ ಬಾಜಿಯನ್ನೇ ನಿಲ್ಲಿಸಿ, ಹೊಸ ದರದೊಂದಿಗೆ ಮತ್ತೆ ತೆರೆಯುತ್ತಾರೆ. ಯಾರು ಆಡುತ್ತಾರೆಂದು ಗೊತ್ತಿಲ್ಲದ ಹೊತ್ತಿನಲ್ಲಿ ಸಣ್ಣ ಮೊತ್ತದ ಬಾಜಿಯನ್ನಷ್ಟೇ ತೆಗೆದುಕೊಂಡು, ಆಟ ಹತ್ತಿರವಾದಂತೆ ಮಿತಿ ಏರಿಸುತ್ತಾರೆ. ಮತ್ತೆ ಮತ್ತೆ ಹಳೆಯ ದರಕ್ಕೇ ಬಾಜಿ ಗಿಟ್ಟಿಸುವ ಗ್ರಾಹಕನ ಖಾತೆಯ ಮಿತಿಯನ್ನು ಪುಡಿಗಾಸಿಗೆ ಇಳಿಸುವುದೂ ಉಂಟು. ಸೋಲುವವರಿಗೆ ಇಂಥ ಕಟ್ಟುಪಾಡು ಇಲ್ಲ ಎನ್ನುವುದು ಈ ವ್ಯಾಪಾರದ ಸ್ವಭಾವವನ್ನು ಚೆನ್ನಾಗಿಯೇ ತೋರಿಸುತ್ತದೆ.

ಹೊರಗಿನವನಿಗೆ ಈ ಸಂದಿ ಕೆಲವು ಸೆಕೆಂಡು. ಒಳಗಿನವನಿಗೆ ಅದು ಗಂಟೆಗಟ್ಟಲೆ.

2023ರ ಫೆಬ್ರವರಿ 9ರಂದು ಲಾಸ್ ಏಂಜಲೀಸ್ ಲೇಕರ್ಸ್ ತಂಡ ಮಿಲ್ವಾಕಿ ಬಕ್ಸ್ ವಿರುದ್ಧ ಆಡಬೇಕಿತ್ತು. ಲೇಕರ್ಸ್‌ನ ಪ್ರಮುಖ ಆಟಗಾರನೊಬ್ಬ ಆಡುವುದಿಲ್ಲ ಎಂಬುದು ಬಹಿರಂಗವಾಗುವ ಮೊದಲೇ, ಮಿಲ್ವಾಕಿ ಮೇಲೆ ದೊಡ್ಡ ಬಾಜಿ ಕಟ್ಟಿ ಎಂದು ಮಾಜಿ ಆಟಗಾರ ಡೇಮನ್ ಜೋನ್ಸ್ ಹೇಳಿದ್ದರು ಎನ್ನುವುದು ಅಮೆರಿಕದ ತನಿಖಾಧಿಕಾರಿಗಳ ಆರೋಪ. 2025ರ ಅಕ್ಟೋಬರ್‌ನಲ್ಲಿ ಅವರ ಬಂಧನವಾಯಿತು. ಹೊರಗುಳಿದ ಆಟಗಾರನ ಮೇಲೆ ಯಾವ ಆರೋಪವೂ ಇಲ್ಲ. ಅವನ ಕಾಲುನೋವು ನಿಜವೋ ಸುಳ್ಳೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಪ್ರಶ್ನೆ ಇರುವುದು ಅದು ಯಾರಿಗೆ ಯಾವಾಗ ತಿಳಿಯಿತು ಎಂಬುದರಲ್ಲಿ.

ಟೊರಾಂಟೊ ರ‍್ಯಾಪ್ಟರ್ಸ್‌ನ ಜೊಂಟೆ ಪೋರ್ಟರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಅದು ಅರ್ಥವಾಗಲು ಬಾಜಿಯ ಒಂದು ನಿಯಮ ತಿಳಿದಿರಬೇಕು. ಒಬ್ಬ ಆಟಗಾರ ಇಂತಿಷ್ಟು ಅಂಕ ಗಳಿಸುತ್ತಾನೋ ಇಲ್ಲವೋ ಎಂಬುದರ ಮೇಲೂ ಬಾಜಿ ಕಟ್ಟಬಹುದು. ಅವನು ಅಂಗಳಕ್ಕೆ ಇಳಿಯದೇ ಹೋದರೆ ಸಾಮಾನ್ಯವಾಗಿ ಬಾಜಿ ರದ್ದು, ಹಣ ವಾಪಸ್. ಎರಡೇ ನಿಮಿಷ ಆಡಿ ಹೊರಬಂದರೂ ಬಾಜಿ ಊರ್ಜಿತ. ಕಡಿಮೆ ಗಳಿಸುತ್ತಾನೆ ಎಂದು ಕಟ್ಟಿದವನು ಗೆದ್ದಂತೆಯೇ. ಆದ್ದರಿಂದ ಮೋಸ ಮಾಡುವವನಿಗೆ ಹೊರಗುಳಿದ ಆಟಗಾರನಿಂದ ಪ್ರಯೋಜನವಿಲ್ಲ. ಅವನಿಗೆ ಬೇಕಾಗಿರುವುದು ಇಳಿದು, ನೋವೆಂದು ಎದ್ದುಹೋಗುವವನು.

2024ರ ಜನವರಿ 26ರಂದು ಪೋರ್ಟರ್ ಸುಮಾರು ನಾಲ್ಕು ನಿಮಿಷ ಆಡಿ, ಕಣ್ಣಿನ ಹಳೆಯ ಪೆಟ್ಟು ಮರುಕಳಿಸಿದೆ ಎಂದು ಹೊರಗೆ ಬಂದ. ಗಳಿಸಿದ ಅಂಕ ಸೊನ್ನೆ. ಮಾರ್ಚ್ 20ರಂದು ಮೂರೇ ನಿಮಿಷ, ಕಾರಣ ಹುಷಾರಿಲ್ಲ. ಆ ಎರಡನೆಯ ಪಂದ್ಯದಲ್ಲಿ ಒಬ್ಬ 80,000 ಡಾಲರ್ ಕಟ್ಟಿದ್ದ, ಗೆದ್ದರೆ 11 ಲಕ್ಷ ಡಾಲರ್ ಬರುತ್ತಿತ್ತು. ಹೆಚ್ಚು ಜನ ಹೆಸರೇ ಕೇಳಿರದ ಬದಲಿ ಆಟಗಾರನ ಮೇಲೆ ಅಷ್ಟು ದುಡ್ಡು ಬಂದದ್ದೇ ಮುಳುವಾಯಿತು. ಕಂಪನಿ ಹಣ ತಡೆಹಿಡಿಯಿತು. ಏಪ್ರಿಲ್ 17ರಂದು ಎನ್‌ಬಿಎ ಪೋರ್ಟರ್‌ಗೆ ಆಜೀವ ನಿಷೇಧ ಹೇರಿತು, ಜುಲೈನಲ್ಲಿ ಅವನು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಜೂಜಿನ ಸಾಲ ತೀರಿಸಲು ಹೀಗೆ ಮಾಡಿದೆ ಎಂದ.

2025ರ ಬಂಧನಗಳ ನಂತರ ಎನ್‌ಬಿಎ ತನ್ನ ಪಟ್ಟಿಯ ನಿಯಮವನ್ನು ಬಿಗಿ ಮಾಡಿತು. ಪಂದ್ಯದ ದಿನವೂ ತಂಡಗಳು ಹೊಸದಾಗಿ ವಿವರ ಕೊಡಬೇಕು, ಗಂಟೆಗೊಮ್ಮೆ ಬದಲಾಗುತ್ತಿದ್ದ ಪಟ್ಟಿ ಇನ್ನು 15 ನಿಮಿಷಕ್ಕೊಮ್ಮೆ ಬದಲಾಗಬೇಕು. ಸಂದಿ ಕಿರಿದಾಯಿತು, ನಿಜ. ಆದರೆ ಬೆಳಗಿನ ಅಭ್ಯಾಸದಲ್ಲಿ ಕುಂಟಿದವನನ್ನು ಮೊದಲು ನೋಡುವವರು ಈಗಲೂ ತಂಡದ ವೈದ್ಯ, ತರಬೇತುದಾರ, ಜೊತೆಗಾರರೇ.

ಕ್ರಿಕೆಟ್ ಈ ಪಾಠ ಕಲಿತದ್ದು ಬಹಳ ಹಿಂದೆ. 1994ರ ಶ್ರೀಲಂಕಾ ಪ್ರವಾಸದ ವೇಳೆ ಪರಿಚಯವಾದ ಭಾರತೀಯ ಬುಕ್ಕಿಯೊಬ್ಬನಿಂದ ಮಾರ್ಕ್ ವಾ ಮತ್ತು ಶೇನ್ ವಾರ್ನ್ ಹಣ ಪಡೆದಿದ್ದರು. ತಾವು ಕೊಟ್ಟದ್ದು ಪಿಚ್ ಮತ್ತು ಹವಾಮಾನದ ಮಾಹಿತಿಯಷ್ಟೇ ಎಂದು ಇಬ್ಬರೂ ಹೇಳಿದರು. ಆಸ್ಟ್ರೇಲಿಯಾದ ಮಂಡಳಿ ಗುಟ್ಟಾಗಿ ದಂಡ ಹಾಕಿ ಸುಮ್ಮನಾಗಿತ್ತು. ವಿಷಯ ಹೊರಬಿದ್ದದ್ದು 1998ರಲ್ಲಿ. ಈಗ ಐಸಿಸಿ ಸಂಹಿತೆಯ ಪ್ರಕಾರ ಪಂದ್ಯ ಕೆಡಿಸದಿದ್ದರೂ, ಬಾಜಿಗೆ ಬಳಕೆಯಾಗಬಹುದು ಎಂದು ಗೊತ್ತಿದ್ದು ಒಳಗಿನ ಮಾಹಿತಿ ಹೇಳುವುದೇ ಅಪರಾಧ. ಭಾರತದಲ್ಲಂತೂ 2025ರ ಆಗಸ್ಟ್‌ನ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ಆದರೂ ಟಾಸ್‌ಗೆ ಮುಂಚೆ ‘ಆಡುವ ಹನ್ನೊಂದು ಜನರ ಪಟ್ಟಿ ನಮ್ಮಲ್ಲಿದೆ’ ಎಂದು ದುಡ್ಡು ಕೇಳುವವರು ಫೋನಿನಲ್ಲಿ ಸಿಗುತ್ತಲೇ ಇರುತ್ತಾರೆ. ಅಂಥ ಪಟ್ಟಿ ನಿಜವಾಗಿ ಕೈಯಲ್ಲಿದ್ದವನು ಅದನ್ನು ಐನೂರು ರೂಪಾಯಿಗೆ ಅಪರಿಚಿತರಿಗೆ ಮಾರುತ್ತಾ ಕೂರುವುದಿಲ್ಲ. ಹತ್ತು ಜನರಿಗೆ ತಿಳಿದರೆ ದರ ಆ ಕ್ಷಣವೇ ಜರುಗುತ್ತದೆಂಬುದು ಅವನಿಗೆ ಗೊತ್ತು.