ಅಂಗೈಯಲ್ಲಿ ನಾಣ್ಯ, ತಲೆಯಲ್ಲಿ ಆರು ಪದರ

ಹೋದ ವರ್ಷ ಒಂದು ಬೆಳಿಗ್ಗೆ ದೊಡ್ಡಪ್ಪ ಎದ್ದು ಬಂದು ಜಗಲಿಯಲ್ಲಿ ಕೂತಾಗ ದೊಡ್ಡಮ್ಮ ಎಂದಿನಂತೆ ಕಾಫಿ ಲೋಟ ಕೊಟ್ಟರು. ಲೋಟ ಅವರ ಬಲಗೈಯಲ್ಲಿ ನಿಲ್ಲಲಿಲ್ಲ, ಜಾರಿ ಪಂಚೆಯ ಮೇಲೆಲ್ಲ ಕಾಫಿ ಚೆಲ್ಲಿತು. "ಏನಾಯ್ತು ನಿಮಗೆ?" ಎಂದು ದೊಡ್ಡಮ್ಮ ಗಾಬರಿಯಿಂದ ಕೇಳಿದರೆ ಉತ್ತರವಿಲ್ಲ. ಬಾಯಿ ಎಡಕ್ಕೆ ಎಳೆದುಕೊಂಡಿತ್ತು. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದ ಮೇಷ್ಟ್ರ ಬಾಯಿಂದ "ನೀ... ನೀ..." ಎಂಬುದರ ಹೊರತು ಬೇರೇನೂ ಹೊರಡಲಿಲ್ಲ.

ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಆಯಿತು. ರಕ್ತಸ್ರಾವ ಇರಲಿಲ್ಲ, ಅಂದರೆ ರಕ್ತನಾಳ ಒಡೆದಿರಲಿಲ್ಲ, ಕಟ್ಟಿಕೊಂಡಿತ್ತು. ವೈದ್ಯರು ಮೊದಲು ಕೇಳಿದ್ದು "ಇವರು ಚೆನ್ನಾಗಿದ್ದದ್ದನ್ನು ಕೊನೆಯದಾಗಿ ನೋಡಿದ್ದು ಎಷ್ಟು ಗಂಟೆಗೆ?" ಎಂದು. ರಾತ್ರಿ ಹತ್ತಕ್ಕೆ ಮಲಗಿದ್ದರು. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಗಡಿಯಾರ ಓಡಲು ತೊಡಗುವುದು ನಾವು ತೊಂದರೆಯನ್ನು ಕಂಡ ಗಳಿಗೆಯಿಂದಲ್ಲ, ರೋಗಿ ಚೆನ್ನಾಗಿದ್ದದ್ದನ್ನು ಕಡೆಯದಾಗಿ ಕಂಡ ಗಳಿಗೆಯಿಂದ. ದೊಡ್ಡಪ್ಪನ ವಿಷಯದಲ್ಲಿ ಹೊತ್ತು ಮೀರಿತ್ತು.

ಮರುದಿನ ನರರೋಗ ತಜ್ಞರೊಬ್ಬರು ಬಂದು ಅರ್ಧ ಗಂಟೆ ಹಾಸಿಗೆಯ ಪಕ್ಕ ಕೂತರು. ಅವರ ಕೈಯಲ್ಲಿದ್ದದ್ದು ಕೆಲವು ನಾಣ್ಯ, ಒಂದು ಬೀಗದಕೈ, ಸ್ವಲ್ಪ ಹತ್ತಿ. ಪರೀಕ್ಷೆ ಮುಗಿದ ಮೇಲೆ ತಮ್ಮದೇ ತಲೆಯ ಎಡಗಡೆ, ಕಿವಿಗಿಂತ ಮೇಲೆ, ತುಸು ಮುಂದಕ್ಕೆ ಮೂರು ಬೆರಳಿಟ್ಟು "ಇಲ್ಲಿ, ಇಷ್ಟಗಲ ಹೋಗಿದೆ" ಎಂದರು. ಆಮೇಲೆ ಬಂದ ಎಂ.ಆರ್.ಐ. ಕೂಡ ಅದನ್ನೇ ಹೇಳಿತು. ನಾಣ್ಯ ಮತ್ತು ಹತ್ತಿಯಿಂದ ಇದು ಹೇಗೆ ಸಾಧ್ಯ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ್ದು ಮಿದುಳಿನ ತೊಗಟೆಯ ಕಥೆ.

ವೈದ್ಯರು ಕಾರ್ಟೆಕ್ಸ್ ಎನ್ನುವ ಈ ತೊಗಟೆ ಮಿದುಳಿನ ಹೊರಮೈಯ ಬೂದುಬಣ್ಣದ ಹೊದಿಕೆ. ಇದರ ದಪ್ಪ ಎರಡರಿಂದ ನಾಲ್ಕು ಮಿಲಿಮೀಟರ್ ಅಷ್ಟೆ. ಬಿಡಿಸಿ ಹಾಸಿದರೆ ಊಟಕ್ಕೆ ಹಾಕುವ ದೊಡ್ಡ ಬಾಳೆಲೆಗಿಂತ ತುಸು ಹೆಚ್ಚು ಅಗಲವಾದೀತು. ಅಷ್ಟನ್ನು ತಲೆಬುರುಡೆಯೊಳಗೆ ಹಿಡಿಸಬೇಕಾದ್ದರಿಂದಲೇ ಅದು ಮಡಿಕೆ ಮಡಿಕೆಯಾಗಿದೆ. ಸುಮಾರು ಮೂರರಲ್ಲಿ ಎರಡು ಪಾಲು ಮಡಿಕೆಗಳ ಒಳಗೇ ಅಡಗಿದೆ. ಇಷ್ಟರಲ್ಲಿ ಸುಮಾರು 1600 ಕೋಟಿ ನರಕೋಶಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನ ಮಿದುಳು ವಸ್ತುಸಂಗ್ರಹಾಲಯಕ್ಕೆ ಹೋದವರು ಇದನ್ನು ಕಣ್ಣಾರೆ ನೋಡಬಹುದು. ಕತ್ತರಿಸಿಟ್ಟ ಮಿದುಳಿನ ಅಂಚಿನಲ್ಲಿ ಬೂದು ಗೆರೆ, ಅದರ ಕೆಳಗೆಲ್ಲ ಬಿಳಿ. ಬೂದುಬಣ್ಣದ್ದು ನರಕೋಶಗಳು ನೆಲೆಸಿರುವ ಜಾಗ, ಬಿಳಿಯದು ಅವುಗಳ ತಂತಿಗಳು.

ಬೂದು ಗೆರೆಯ ತೆಳುವಾದ ಚೂರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಆರು ಪದರಗಳು ಕಾಣುತ್ತವೆ. ಅವುಗಳಲ್ಲಿ ಮೂರು ಬಗೆಯ ಕೆಲಸವನ್ನು ನೆನಪಿಟ್ಟುಕೊಂಡರೆ ಸಾಕು. ಮೇಲಿಂದ ನಾಲ್ಕನೆಯದು ಟಪಾಲು ಬಂದು ಬೀಳುವ ಜಾಗ. ಕಣ್ಣು, ಕಿವಿ, ಚರ್ಮದ ಸುದ್ದಿ ಮಿದುಳಿನ ನಡುವೆ ಇರುವ ಥಲಾಮಸ್ ಎಂಬ ಗಂಟನ್ನು ಹಾದು ಹೆಚ್ಚಾಗಿ ಇಲ್ಲಿಗೇ ಬರುತ್ತದೆ. ಐದನೆಯದು ಹೊರಗೆ ಹೋಗುವ ಟಪಾಲಿನದು. ಬೆನ್ನುಹುರಿಗೆ, ಮಿದುಳಿನ ಕಾಂಡಕ್ಕೆ ಆಜ್ಞೆ ಹೊರಡುವುದು ಇಲ್ಲಿನ ದೊಡ್ಡ ಕೋಶಗಳಿಂದ. ಎರಡು ಮತ್ತು ಮೂರನೆಯ ಪದರಗಳು ತೊಗಟೆಯ ಒಂದು ಜಾಗ ಇನ್ನೊಂದು ಜಾಗದ ಜೊತೆ ಮಾತಾಡಿಕೊಳ್ಳಲು ಇರುವಂಥವು. ಉಳಿದ ಎರಡರಲ್ಲಿ ಮೊದಲನೆಯದರಲ್ಲಿ ಕೋಶಗಳೇ ಕಡಿಮೆ, ಬರೀ ತಂತಿಗಳ ಹೆಣಿಗೆ. ಆರನೆಯದು ಥಲಾಮಸ್‌ಗೆ ಮರುತ್ತರ ಬರೆಯುತ್ತದೆ.

ತೊಗಟೆಯ ಬಹುಪಾಲು ಇದೇ ಆರು ಪದರದ ನೇಯ್ಗೆ. ಆದರೆ ಯಾವ ಜಾಗದಲ್ಲಿ ಯಾವ ಕೆಲಸ ಹೆಚ್ಚೋ ಅಲ್ಲಿ ಆ ಪದರ ಉಬ್ಬಿರುತ್ತದೆ. ನೆತ್ತಿಯಿಂದ ಕಿವಿಯ ಕಡೆಗೆ ಇಳಿಯುವ ಒಂದು ಆಳವಾದ ಗೀರು ಇದೆ, ನಡುಗೀರು ಎನ್ನೋಣ. ಅದರ ಮುಂದಿನ ಗೋಡೆ ಮೈಯನ್ನು ಚಲಿಸುವಂತೆ ಮಾಡುವ ಪಟ್ಟಿ. ಇಲ್ಲಿ ಐದನೆಯ ಪದರ ದಪ್ಪಗಿದೆ, ನಾಲ್ಕನೆಯದು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಕೀವ್ ನಗರದ ವ್ಲಾದಿಮಿರ್ ಬೆಟ್ಸ್ 1874ರಲ್ಲಿ ಇಲ್ಲಿನ ದೈತ್ಯ ಕೋಶಗಳನ್ನು ವರ್ಣಿಸಿದ, ಅವಕ್ಕೆ ಇಂದಿಗೂ ಅವನದೇ ಹೆಸರು. ಅದೇ ಗೀರಿನ ಹಿಂದಿನ ಗೋಡೆ ಸ್ಪರ್ಶವನ್ನು ಅರಿಯುವ ಪಟ್ಟಿ. ಅಲ್ಲಿ ನಾಲ್ಕನೆಯ ಪದರ ಒತ್ತಾಗಿದೆ, ತೊಗಟೆ ಮುಂದಿನ ಗೋಡೆಗಿಂತ ಎಷ್ಟೋ ತೆಳು. ಆಜ್ಞೆ ಕೊಡುವವರೂ ಸುದ್ದಿ ತೆಗೆದುಕೊಳ್ಳುವವರೂ ಒಂದೇ ಓಣಿಯ ಎದುರುಬದುರು ಮನೆಗಳಲ್ಲಿದ್ದಾರೆ. ತಲೆಯ ಹಿಂಭಾಗದಲ್ಲಿ, ದೃಷ್ಟಿಯ ಜಾಗದಲ್ಲಂತೂ ನಾಲ್ಕನೆಯ ಪದರಕ್ಕೆ ಬರುವ ತಂತಿಗಳು ಎಷ್ಟು ದಟ್ಟವೆಂದರೆ ಬೂದು ತೊಗಟೆಯ ನಡುವೆ ಬಿಳಿ ಗೆರೆಯೊಂದು ಬರಿಗಣ್ಣಿಗೇ ಕಾಣುತ್ತದೆ. ಇಟಲಿಯ ಪಾರ್ಮಾದಲ್ಲಿ ಫ್ರಾನ್ಸೆಸ್ಕೊ ಜೆನ್ನಾರಿ ಇದನ್ನು 1776ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಗಮನಿಸಿದ್ದ. ಪದರಗಳ ಈ ಏರುಪೇರನ್ನೇ ಹಿಡಿದು 1909ರಲ್ಲಿ ಜರ್ಮನಿಯ ಬ್ರಾಡ್‌ಮನ್ ತೊಗಟೆಗೆ ನಂಬರು ಹಾಕಿದ. ಚಲನೆಯ ಪಟ್ಟಿ ನಾಲ್ಕು, ದೃಷ್ಟಿಯ ಜಾಗ ಹದಿನೇಳು. ವೈದ್ಯರು ಈಗಲೂ ಆ ನಂಬರುಗಳನ್ನು ಬಳಸುತ್ತಾರೆ.

ಇನ್ನು ಹಾಲೆಗಳು, ಅಂದರೆ ಲೋಬ್‌ಗಳು. ನಡುಗೀರಿನ ಮುಂದಿನದೆಲ್ಲ ಫ್ರಾಂಟಲ್, ಹಿಂದಿನದು ಪರೈಟಲ್, ಕಿವಿಯ ಮಟ್ಟದ್ದು ಟೆಂಪೊರಲ್, ಹಿಂದಲೆಯದು ಆಕ್ಸಿಪಿಟಲ್. ಈ ಹೆಸರುಗಳು ಮೇಲಿರುವ ಎಲುಬುಗಳಿಂದ ಬಂದವು, ಕೆಲಸದಿಂದ ಬಂದವಲ್ಲ. ಆದ್ದರಿಂದ ಅವನ್ನು ಗೋಡೆ ಹಾಕಿದ ನಾಲ್ಕು ಕೋಣೆ ಎಂದುಕೊಳ್ಳುವಂತಿಲ್ಲ. ಆದರೆ ಯಾವ ಸುದ್ದಿ ಎಲ್ಲಿ ಬಂದು ಮುಟ್ಟುತ್ತದೆ ಎಂಬುದು ಮಾತ್ರ ಖಚಿತ. ಕಣ್ಣಿನದು ಆಕ್ಸಿಪಿಟಲ್‌ಗೆ, ಕಿವಿಯದು ಟೆಂಪೊರಲ್‌ಗೆ, ಚರ್ಮ ಮತ್ತು ಕೀಲುಗಳದು ಪರೈಟಲ್‌ಗೆ. ತಜ್ಞರು ದೊಡ್ಡಪ್ಪನ ಹಾಸಿಗೆಯ ಬಳಿ ಕೂತು ಓದಿದ್ದು ಇದನ್ನೇ.

ಮೊದಲು ಹುಬ್ಬು ಏರಿಸಲು ಹೇಳಿದರು. ಎರಡೂ ಕಡೆ ಹಣೆಯಲ್ಲಿ ಸುಕ್ಕು ಮೂಡಿತು. ಹಲ್ಲು ತೋರಿಸಲು ಹೇಳಿದಾಗ ಬಾಯಿಯ ಬಲತುದಿ ಮಾತ್ರ ಏಳಲಿಲ್ಲ. ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಪಕ್ಕದಿಂದ ಆಜ್ಞೆ ಬರುತ್ತದೆ, ಬಾಯಿಗೆ ಹೆಚ್ಚಾಗಿ ಎದುರು ಪಕ್ಕದಿಂದ. ಮುಖದ ನರವೇ ಕೆಟ್ಟಿದ್ದರೆ ಹಣೆಯೂ ಸೋಲುತ್ತಿತ್ತು. ಹಣೆ ಉಳಿದಿದೆ ಎಂದರೆ ಪೆಟ್ಟು ಬಿದ್ದದ್ದು ಮಿದುಳಿನಲ್ಲೇ.

ಆಮೇಲೆ ಕೈಕಾಲು. ಬಲಗೈ ಎತ್ತಿದರೆ ಬಿದ್ದುಹೋಗುತ್ತಿತ್ತು, ಬಲಗಾಲು ಮಾತ್ರ ಸಾಕಷ್ಟು ಚೆನ್ನಾಗಿತ್ತು. ಚಲನೆಯ ಪಟ್ಟಿಯಲ್ಲಿ ಮೈಯ ಅಂಗಗಳು ತಲೆಕೆಳಗಾಗಿ ಸಾಲುಗಟ್ಟಿವೆ: ಕೆಳಗೆ ಬಾಯಿ, ಅದರ ಮೇಲೆ ಕೈ, ನೆತ್ತಿಯನ್ನು ದಾಟಿ ಒಳಮಗ್ಗುಲಿಗೆ ಇಳಿದರೆ ಕಾಲು. ಮಾಂಟ್ರಿಯಲ್‌ನ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ 1930ರ ದಶಕದಲ್ಲಿ ಎಚ್ಚರವಿರುವ ರೋಗಿಗಳ ತೊಗಟೆಯನ್ನು ಸಣ್ಣ ವಿದ್ಯುತ್ತಿನಿಂದ ಮುಟ್ಟಿ ಈ ನಕ್ಷೆ ಬರೆದ. ಮಿದುಳಿಗೆ ಸ್ವಂತ ನೋವು ತಿಳಿಯುವುದಿಲ್ಲವಾದ್ದರಿಂದ ಅದು ಸಾಧ್ಯವಾಯಿತು. ಬೆರಳು ಮತ್ತು ತುಟಿಗೆ ಸಿಕ್ಕ ಜಾಗ ಇಡೀ ಬೆನ್ನಿಗೆ ಸಿಕ್ಕಿದ್ದಕ್ಕಿಂತ ಎಷ್ಟೋ ದೊಡ್ಡದು. ಬಾಯಿ ಮತ್ತು ಕೈಯ ಜಾಗಕ್ಕೆ ರಕ್ತ ಕೊಡುವ ನಾಳ ಒಂದು, ಕಾಲಿನ ಜಾಗಕ್ಕೆ ಕೊಡುವುದು ಇನ್ನೊಂದು. ಕೈ ಸೋತು ಕಾಲು ಉಳಿದದ್ದರಿಂದ ಯಾವ ನಾಳ ಕಟ್ಟಿದೆ ಎಂಬುದೂ ಗೊತ್ತಾಯಿತು.

ನಾಣ್ಯದ ಪರೀಕ್ಷೆ ನನಗೆ ಮರೆಯಲಾಗದ್ದು. ದೊಡ್ಡಪ್ಪನ ಕಣ್ಣು ಮುಚ್ಚಿಸಿ ಬಲಗೈಗೆ ಹತ್ತಿ ತಾಗಿಸಿದರೆ ಅವರು ತಲೆಯಾಡಿಸುತ್ತಿದ್ದರು, ಮುಟ್ಟಿದ್ದು ತಿಳಿಯುತ್ತಿತ್ತು. ಆಮೇಲೆ ಐದು ರೂಪಾಯಿ ನಾಣ್ಯವನ್ನು ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾವೇ ಹಿಡಿದು ಅದರ ಮೇಲೆ ಆಡಿಸಿದರು. ಮಾತು ಬಾರದವರಿಂದ ಹೆಸರು ಹೇಳಿಸುವಂತಿಲ್ಲ, ಆದ್ದರಿಂದ ಕಣ್ಣು ಬಿಡಿಸಿ ಟ್ರೇ ಮುಂದಿಟ್ಟು ಅಂಥದೇ ವಸ್ತುವನ್ನು ಎಡಗೈಯಿಂದ ತೋರಿಸಲು ಹೇಳಿದರು. ದೊಡ್ಡಪ್ಪ ಬೀಗದಕೈ ತೋರಿಸಿದರು. ಎಡಗೈಯಲ್ಲಿಟ್ಟಾಗ ಒಂದು ಸಲವೂ ತಪ್ಪಲಿಲ್ಲ. ಮುಟ್ಟಿದ್ದಷ್ಟೇ ತಿಳಿದರೆ ಸಾಲದು. ಅಂಚಿನ ಗುಂಡು, ಲೋಹದ ತಂಪು, ತೂಕ ಇವನ್ನೆಲ್ಲ ಕೂಡಿಸಿ "ನಾಣ್ಯ" ಎಂದು ಕಟ್ಟಿಕೊಡುವ ಕೆಲಸ ಪರೈಟಲ್ ಹಾಲೆಯದು. ಹಾನಿ ಗೀರನ್ನು ದಾಟಿ ಹಿಂದಿನ ಗೋಡೆಗೂ ಹಬ್ಬಿದೆ ಎಂಬುದಕ್ಕೆ ಅದೇ ಗುರುತು.

ಎರಡೂ ಪಕ್ಕದಲ್ಲಿ ಬೆರಳಾಡಿಸಿದರೆ ದೊಡ್ಡಪ್ಪ ಗುರುತಿಸಿದರು, ಹಿಂದಲೆ ಕ್ಷೇಮ. "ಎಡಗೈಯಿಂದ ಮೂಗು ಮುಟ್ಟಿ, ಆಮೇಲೆ ಕಿವಿ ಹಿಡಿದುಕೊಳ್ಳಿ" ಎಂದರೆ ಹಾಗೇ ಮಾಡಿದರು. ಅರ್ಥವಾಗುತ್ತದೆ, ಹೇಳಲಾಗುತ್ತಿಲ್ಲ. ಪ್ಯಾರಿಸ್ಸಿನ ಪಾಲ್ ಬ್ರೋಕಾ 1861ರಲ್ಲಿ ಇಂಥದೇ ರೋಗಿಯೊಬ್ಬನನ್ನು ಕಂಡಿದ್ದ. ಲೆಬೋರ್ನ್ ಎಂಬ ಆತ ಏನೇ ಕೇಳಿದರೂ "ತಾನ್, ತಾನ್" ಎನ್ನುತ್ತಿದ್ದ. ಸತ್ತ ಮೇಲೆ ನೋಡಿದರೆ ಎಡ ಫ್ರಾಂಟಲ್ ಹಾಲೆಯ ಕೆಳಭಾಗ ಕೆಟ್ಟಿತ್ತು. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇದಕ್ಕೆ ತಿರುಗಾದದ್ದನ್ನು ವರ್ಣಿಸಿದ: ಎಡ ಟೆಂಪೊರಲ್ ಹಾಲೆಯ ಹಿಂಭಾಗ ಕೆಟ್ಟರೆ ಮಾತು ಸರಾಗವಾಗಿ ಹರಿಯುತ್ತದೆ, ಆದರೆ ಅದಕ್ಕೆ ಅರ್ಥವಿರುವುದಿಲ್ಲ, ಇತರರು ಹೇಳಿದ್ದೂ ತಿಳಿಯುವುದಿಲ್ಲ. ಕೈಕಾಲು ಆಡುತ್ತಿರುವುದರಿಂದ ಮನೆಯವರು ತಲೆ ಕೆಟ್ಟಿದೆ ಎಂದುಕೊಂಡು ಹೊತ್ತು ಕಳೆಯುವ ಅಪಾಯವಿದೆ. ಇದ್ದಕ್ಕಿದ್ದಂತೆ ಮಾತು ಹೀಗೆ ಕಲಸಿಹೋದರೆ ಅದೂ ಲಕ್ವವೇ ಇರಬಹುದು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಕೊನೆಗೆ ಒಂದು ಆಟ. "ನಾನು ಒಂದು ಸಲ ಮೇಜು ಕುಟ್ಟಿದರೆ ನೀವು ಎರಡು ಸಲ ಕುಟ್ಟಿ. ನಾನು ಎರಡು ಸಲ ಕುಟ್ಟಿದರೆ ಸುಮ್ಮನಿರಿ." ಫ್ರಾಂಟಲ್ ಹಾಲೆಯ ಮುಂತುದಿ ಕೆಟ್ಟವರು ನಿಯಮ ಗೊತ್ತಿದ್ದೂ ಎದುರಿನವರನ್ನು ನೋಡಿ ಹಾಗೇ ಕುಟ್ಟಿಬಿಡುತ್ತಾರೆ, ಕೈ ತಡೆಯುವುದಿಲ್ಲ. ದೊಡ್ಡಪ್ಪ ತಡೆದರು. ಹಣೆಯ ಹಿಂದಿನ ಆ ಜಾಗಕ್ಕೆ ಕಣ್ಣು ಕಿವಿಗಳಿಂದ ನೇರ ಟಪಾಲು ಬರುವುದಿಲ್ಲ, ಸ್ನಾಯುಗಳಿಗೆ ನೇರ ಆಜ್ಞೆಯೂ ಅಲ್ಲಿಂದ ಹೊರಡುವುದಿಲ್ಲ. ಅಲ್ಲಿ ಬೆಳೆದಿರುವುದು ಎರಡು, ಮೂರನೆಯ ಪದರಗಳು, ಉಳಿದ ಹಾಲೆಗಳ ಜೊತೆ ಮಾತಾಡುವಂಥವು. ನಾವು ಯೋಚನೆ ಎನ್ನುವುದು ಬಹುಮಟ್ಟಿಗೆ ಈ ಮಾತುಕತೆಯೇ ಎಂದು ನನಗೆ ತೋರುತ್ತದೆ. ಅದಕ್ಕೇ ತೊಗಟೆ ಸರಿಯಿದ್ದು ಕೆಳಗಿನ ಬಿಳಿ ತಂತಿಯೋ ಥಲಾಮಸ್ಸೋ ಕೆಟ್ಟರೂ ಇದೇ ಬಗೆಯ ಲಕ್ಷಣ ಕಾಣಬಹುದು. ಹಾಸಿಗೆಯ ಪಕ್ಕದ ಪರೀಕ್ಷೆಯ ಮಿತಿ ಅದು, ಸ್ಕ್ಯಾನ್ ಬೇಕಾಗುವುದೂ ಅದಕ್ಕೇ.

ಹಾಗಾದರೆ ಒಂದು ಜಾಗದ ಕೆಲಸ ಹುಟ್ಟುವಾಗಲೇ ಬರೆದಿಟ್ಟದ್ದೇ? ಪೂರ್ತಿ ಅಲ್ಲ. ಭಾರತದಲ್ಲಿ ಹುಟ್ಟಿ ಅಮೆರಿಕದ ಎಂ.ಐ.ಟಿ.ಯಲ್ಲಿ ಕೆಲಸ ಮಾಡುವ ಮೃಗಾಂಕ ಸುರ್ ಮತ್ತು ಸಂಗಡಿಗರು ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಯ ಮರಿಗಳಲ್ಲಿ ಕಣ್ಣಿನ ತಂತಿಯನ್ನು ಕಿವಿಯ ದಾರಿಗೆ ತಿರುಗಿಸಿದರು. ಬೆಳೆದ ಮೇಲೆ ಅವುಗಳ ಶ್ರವಣ ತೊಗಟೆ ಬೆಳಕಿಗೆ ಸ್ಪಂದಿಸಿತು. ಹುಟ್ಟುಕುರುಡರು ಬ್ರೈಲ್ ಓದುವಾಗ ಅವರ ದೃಷ್ಟಿಯ ತೊಗಟೆ ಕೆಲಸ ಮಾಡುತ್ತದೆ. ಹಾಗೆ ಓದುತ್ತಿದ್ದ ಒಬ್ಬ ಮಹಿಳೆಗೆ ಎರಡೂ ಕಡೆಯ ಹಿಂದಲೆಗೆ ಲಕ್ವ ಹೊಡೆದಾಗ ಬೆರಳಿನ ಸ್ಪರ್ಶ ಉಳಿದಿದ್ದೂ ಬ್ರೈಲ್ ಓದುವುದು ಹೋಯಿತೆಂದು 2000ದಲ್ಲಿ ವರದಿಯಾಯಿತು. ಯಾವ ಟಪಾಲು ಬರುತ್ತದೋ ಆ ಕೆಲಸವನ್ನು ತೊಗಟೆ ಕಲಿಯುತ್ತದೆ. ಚಿಕ್ಕ ವಯಸ್ಸಿನಲ್ಲಿ ಬೇಗ, ಎಪ್ಪತ್ತರಲ್ಲಿ ನಿಧಾನವಾಗಿ.

ದೊಡ್ಡಪ್ಪನಿಗೆ ಎಪ್ಪತ್ತೊಂದು. ಮಾತು ಕಲಿಸಲು ಬರುತ್ತಿದ್ದ ಹುಡುಗಿ ಮೊದಲು ದೊಡ್ಡಮ್ಮನಿಂದ ದೇವರನಾಮ ಹಾಡಿಸಿದಳು. ಒಂದು ಪದ ಆಡಲಾರದವರು ಪಲ್ಲವಿಯನ್ನು ಜೊತೆಗೂಡಿ ಹಾಡಿದಾಗ ನಾವೆಲ್ಲ ಬೆರಗಾದೆವು. ರಾಗದ ಮೇಲೆ ಏರಿ ಬರುವ ಮಾತಿಗೆ ಬಲಪಕ್ಕದ ಮಿದುಳೂ ನೆರವಾಗುತ್ತದೆ ಎಂದು ಅವಳು ಹೇಳಿದಳು. ಬಲಗೈಗೆ ದಿನಕ್ಕೆರಡು ಸಲ ಅಕ್ಕಿಯ ಡಬ್ಬಿಯಲ್ಲಿ ನಾಣ್ಯ ಹುಡುಕುವ ಅಭ್ಯಾಸ. ಐದನೆಯ ತಿಂಗಳಲ್ಲಿ ನಾನು ಹೋಗಿದ್ದಾಗ ಅವರು ಕಣ್ಣು ಮುಚ್ಚಿ, ಡಬ್ಬಿಯೊಳಗೆ ಬಹಳ ಹೊತ್ತು ತಡಕಾಡಿ ಒಂದನ್ನು ಹಿಡಿದು ನಿಂತರು. "ಐ... ಐದು" ಎಂದರು. ಹೊರತೆಗೆದಾಗ ಅದು ಎರಡು ರೂಪಾಯಿಯದು. ದೊಡ್ಡಮ್ಮ ಅದನ್ನು ಮತ್ತೆ ಅಕ್ಕಿಯೊಳಗೆ ಹಾಕಿ, ಕೈಯಾಡಿಸಿ ಕಲಸಿ, ಡಬ್ಬಿಯನ್ನು ಅವರ ಮುಂದೆ ಸರಿಸಿದರು.