ಕ್ಲಿಪ್ಪರ್ ತರಂಗ: ಮೊದಲು ಚುಕ್ಕೆ ಗೆರೆ, ಆಮೇಲೆ ಚಿತ್ರ

“ಸಾರ್, ಡಯೋಡ್ ಇದ್ರೆ ಕೆಳಗಿನ ಅರ್ಧ ಅಳಿಸಿದ್ರೆ ಸಾಕಲ್ವಾ?” ಪಾಲಿಟೆಕ್ನಿಕ್ ಸೇರಿದ ನಮ್ಮ ಹಳೆಯ ಮಕ್ಕಳು ಹೀಗೆ ಕೇಳಿದರೆ, ಕೆಳಗಿನ ಲೆಕ್ಕ ಅವರ ಮುಂದಿಡಿ.

10 ವೋಲ್ಟ್ ಶೃಂಗದ ಸೈನ್ ತರಂಗ ಒಂದು ರೋಧಕದ ಮೂಲಕ ಔಟ್‌ಪುಟ್ ಬಿಂದುವಿಗೆ ಬರುತ್ತದೆ. ಆ ಬಿಂದುವಿಗೆ ಸಿಲಿಕಾನ್ ಡಯೋಡಿನ ಆನೋಡ್ ಸೇರಿದೆ. ಕ್ಯಾಥೋಡ್ 3 ವೋಲ್ಟ್ ಬ್ಯಾಟರಿಯ ಧನ ತುದಿಗೆ, ಋಣ ತುದಿ ಗ್ರೌಂಡಿಗೆ.

ಡಯೋಡ್ ಯಾವಾಗ ವಾಹಕವಾಗುತ್ತೆ? ಬ್ಯಾಟರಿಯ 3 ವೋಲ್ಟಿನ ಜೊತೆ ಡಯೋಡಿಗೆ ಬೇಕಾದ ಸುಮಾರು 0.7 ಸೇರಿ 3.7 ವೋಲ್ಟ್ ಆದಾಗ. ಆದ್ದರಿಂದ ತರಂಗ ಎಳೆಯುವ ಮೊದಲೇ 3.7ರಲ್ಲಿ ಅಡ್ಡವಾಗಿ ಚುಕ್ಕೆ ಗೆರೆ ಹಾಕಿಸಿ. ಅದರ ಕೆಳಗೆ ಡಯೋಡ್ ತೆರೆದ ಸ್ವಿಚ್ಚಿನಂತೆ, ರೋಧಕದಲ್ಲಿ ಪ್ರವಾಹವಿಲ್ಲ. ಹಾಗಾಗಿ ಇನ್‌ಪುಟ್ ಹೇಗಿದೆಯೋ ಹಾಗೇ, −10ರವರೆಗೂ, ಔಟ್‌ಪುಟ್ ಇಳಿಯುತ್ತದೆ. ಕೆಳಗಿನ ಅರ್ಧ ಅಳಿಸೋದು ಅರ್ಧತರಂಗ ರೆಕ್ಟಿಫೈಯರ್‌ನಲ್ಲಿ, ಇಲ್ಲಿ ಅಲ್ಲ. ಗೆರೆಯ ಮೇಲೆ ಮಾತ್ರ ಔಟ್‌ಪುಟ್ 3.7ರಲ್ಲೇ ನಿಲ್ಲುತ್ತದೆ.

ಚಪ್ಪಟೆ ಭಾಗದ ಅಗಲವನ್ನೂ ಗಮನಿಸಿ. 10 sin θ = 3.7 ಆಗುವುದು ಸುಮಾರು 22°ಗೆ. ಅಂದರೆ 22°ಯಿಂದ 158°ವರೆಗೂ ಚಪ್ಪಟೆ. ತುದಿಯನ್ನಷ್ಟೇ ಕತ್ತರಿಸಿದ ಚಿತ್ರ ತಪ್ಪು.

ತಾಳೆ ನೋಡೋದು ಸುಲಭ: ಯಾವ ಕ್ಷಣದಲ್ಲೂ ರೋಧಕದ ವೋಲ್ಟೇಜ್ ಮತ್ತು ಔಟ್‌ಪುಟ್ ಕೂಡಿದರೆ ಇನ್‌ಪುಟ್ ಬರಬೇಕು. 90°ಯಲ್ಲಿ 6.3 + 3.7 = 10. ಔಟ್‌ಪುಟ್ಟನ್ನು ರೋಧಕದ ಎರಡು ತುದಿಗಳ ನಡುವೆ ಕೇಳಿದ್ದರೆ, ಉತ್ತರ ಆ 6.3 ವೋಲ್ಟ್ ಎತ್ತರದ ಗುಡ್ಡ ಮಾತ್ರ, ಉಳಿದೆಡೆ ಸೊನ್ನೆ.